ಇಸಿಜಿ ರಿಪೋರ್ಟಿನಲ್ಲಿ ‘ಸೆಪ್ಟಲ್ ಇನ್‌ಫಾರ್ಕ್ಟ್’ ಅಂತ ಬಂದಿದೆ, ಏನರ್ಥ?

ಪ್ರಶ್ನೆ: ಡಾಕ್ಟರೇ, ನನಗೆ 46 ವರ್ಷ, ಮಹಿಳೆ. ಬಿಪಿ, ಶುಗರ್ ಇಲ್ಲ. ಸಾಮಾನ್ಯ ತಪಾಸಣೆಗೆ ಹೋದಾಗ ಇಸಿಜಿ ತೆಗೆದರು. ಅದರಲ್ಲಿ ರೇಟ್ 94, ಪಿಆರ್ 164, ಕ್ಯೂಆರ್‌ಎಸ್ 88, ಕ್ಯೂಟಿ 372, ಕ್ಯೂಟಿಸಿ 466 ಅಂತಿದೆ. ಕೆಳಗೆ ‘ಸೈನಸ್ ರಿದಮ್, ಪಾಸಿಬಲ್ ಲೆಫ್ಟ್ ಏಟ್ರಿಯಲ್ ಎನ್‌ಲಾರ್ಜ್‌ಮೆಂಟ್, ಸೆಪ್ಟಲ್ ಇನ್‌ಫಾರ್ಕ್ಟ್ ಏಜ್ ಅನ್‌ಡಿಟರ್ಮಿನ್ಡ್, ನಾನ್‌ಸ್ಪೆಸಿಫಿಕ್ ಟಿ ವೇವ್ ಅಬ್‌ನಾರ್ಮಾಲಿಟಿ, ಬಾರ್ಡರ್‌ಲೈನ್ ಪ್ರೊಲಾಂಗ್ಡ್ ಕ್ಯೂಟಿ, ಅಬ್‌ನಾರ್ಮಲ್ ಇಸಿಜಿ, ಅನ್‌ಕನ್‌ಫರ್ಮ್ಡ್’ ಅಂತ ಬರೆದಿದೆ. ಎದೆನೋವು ಯಾವತ್ತೂ ಬಂದಿಲ್ಲ, ಮೆಟ್ಟಿಲು ಹತ್ತಿದರೂ ಏನೂ ಆಗಲ್ಲ. ಗ್ಯಾಸ್ಟ್ರಿಕ್‌ಗೆ ಒಂದು ಮಾತ್ರೆ ತಗೊಳ್ತೀನಿ, ಅಷ್ಟೇ. ನನಗೆ ಗೊತ್ತಿಲ್ಲದೇ ಹಾರ್ಟ್ ಅಟ್ಯಾಕ್ ಆಗಿಹೋಗಿದೆಯಾ? ಹೃದ್ರೋಗ ತಜ್ಞರು ಸಿಗೋದು ಇನ್ನು ಐದು ದಿನಕ್ಕೆ. ಅಲ್ಲಿವರೆಗೆ ಕಾಯಬಹುದಾ? ರಾತ್ರಿ ನಿದ್ದೆ ಬರ್ತಿಲ್ಲ. ರಿಪೋರ್ಟಿನ ಫೋಟೊ ಕಳಿಸಿದ್ದೀನಿ.

ಉತ್ತರ: ಕಾಯಬಹುದು. ಈಗ ನೀವು ಹೇಳಿರುವ ಸ್ಥಿತಿಯಲ್ಲೇ ಇದ್ದರೆ ಐದು ದಿನ ಕಾಯುವುದರಲ್ಲಿ ಅಪಾಯ ಕಾಣುತ್ತಿಲ್ಲ. ಆದರೆ ಈ ನಡುವೆ ಎದೆಯ ಮಧ್ಯೆ ಒತ್ತಿದ ಹಾಗೆ, ಬಿಗಿದ ಹಾಗೆ ಆಗಿ ಕೆಲವು ನಿಮಿಷಗಳಾದರೂ ಹೋಗದಿದ್ದರೆ, ಅದರ ಜೊತೆ ಬೆವರು, ಉಸಿರಾಟದ ಕಷ್ಟ, ದವಡೆಗೋ ಎಡಗೈಗೋ ಹರಡುವ ನೋವು ಬಂದರೆ, ಅಥವಾ ಎಚ್ಚರ ತಪ್ಪಿ ಬಿದ್ದರೆ, ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಿ. ಹೆಂಗಸರಲ್ಲಿ ಕೆಲವೊಮ್ಮೆ ನೋವು ಜೋರಾಗಿ ಬರುವುದಿಲ್ಲ. ಇದ್ದಕ್ಕಿದ್ದಂತೆ ವಿಪರೀತ ಸುಸ್ತು, ವಾಕರಿಕೆ, ಉಸಿರು ಕಟ್ಟಿದಂತಾಗುವುದು, ಇಷ್ಟೇ ಇರಬಹುದು. ಇದನ್ನು ಮೊದಲೇ ಹೇಳಿಬಿಟ್ಟಿದ್ದೇನೆ, ಯಾಕೆಂದರೆ ಇಂಥ ಲಕ್ಷಣ ಬಂದರೆ ಮುಂದೆ ನಾನು ಬರೆಯುವ ಯಾವ ಮಾತೂ ಲೆಕ್ಕಕ್ಕಿಲ್ಲ.

ಇನ್ನು ರಿಪೋರ್ಟಿಗೆ ಬರೋಣ. ಕೊನೆಯ ಪದದಿಂದಲೇ ಶುರು ಮಾಡೋಣ. ‘ಅನ್‌ಕನ್‌ಫರ್ಮ್ಡ್’ ಅಂದರೆ ಇದನ್ನು ಯಾವ ವೈದ್ಯರೂ ಇನ್ನೂ ಓದಿ ಸಹಿ ಹಾಕಿಲ್ಲ ಎಂದರ್ಥ. ಮೇಲಿನ ಸಾಲುಗಳನ್ನೆಲ್ಲ ಬರೆದದ್ದು ಯಂತ್ರದೊಳಗಿನ ಪ್ರೋಗ್ರಾಂ. ಅದು ಪ್ರತಿ ಅಲೆಯ ಎತ್ತರ ಅಗಲ ಅಳೆಯುತ್ತದೆ, ತನ್ನಲ್ಲಿರುವ ಮಿತಿಗಳ ಜೊತೆ ಹೋಲಿಸುತ್ತದೆ, ಮಿತಿ ದಾಟಿದ ಕಡೆ ಸಿದ್ಧವಾಗಿರುವ ವಾಕ್ಯವೊಂದನ್ನು ಅಚ್ಚು ಹಾಕುತ್ತದೆ. ನಿಮಗೆ ಎದೆನೋವು ಬಂದಿದೆಯೋ ಇಲ್ಲವೋ, ಮಲಗಿದ್ದಾಗ ಗಾಬರಿಯಾಗಿತ್ತೋ, ಎದೆಗೆ ಅಂಟಿಸಿದ ಎಲೆಕ್ಟ್ರೋಡ್ ಸರಿಯಾದ ಜಾಗದಲ್ಲಿತ್ತೋ, ಇದ್ಯಾವುದೂ ಅದಕ್ಕೆ ತಿಳಿಯದು. ಏನನ್ನೂ ಬಿಟ್ಟುಬಿಡಬಾರದು ಎಂಬ ಲೆಕ್ಕದಲ್ಲಿ ಅದನ್ನು ಮಾಡಿರುವುದರಿಂದ ಅನುಮಾನ ಬಂದದ್ದನ್ನೆಲ್ಲ ಬರೆಯುತ್ತದೆ. ‘ಅಬ್‌ನಾರ್ಮಲ್ ಇಸಿಜಿ’ ಎಂಬ ಸಾಲು ಹೊಸ ಕಾಯಿಲೆಯ ಹೆಸರಲ್ಲ. ಮೇಲಿನವುಗಳಲ್ಲಿ ಒಂದು ಸಾಲು ಆ ತೂಕದ್ದಾಗಿದ್ದರೂ ಸಾಕು, ಇದು ತಾನಾಗಿಯೇ ಬಂದು ಕೂರುತ್ತದೆ.

ಅಂಕಿಗಳಲ್ಲಿ ಮೂರನ್ನು ಬೇಗ ಮುಗಿಸಬಹುದು. ರೇಟ್ 94 ಅಂದರೆ ನಿಮಿಷಕ್ಕೆ 94 ಬಡಿತ. 60ರಿಂದ 100 ಸಾಮಾನ್ಯ, ನಿಮ್ಮದು ಮೇಲಿನ ತುದಿಗೆ ಹತ್ತಿರ. ಪಿಆರ್ ಅಂದರೆ ವಿದ್ಯುತ್ ಸಂಕೇತ ಹೃದಯದ ಮೇಲಿನ ಕೋಣೆಯಲ್ಲಿ ಹುಟ್ಟಿ ಕೆಳಗಿನ ಕೋಣೆಗೆ ಮುಟ್ಟಲು ಹಿಡಿಯುವ ಸಮಯ, 120ರಿಂದ 200 ಮಿಲಿಸೆಕೆಂಡ್ ಇರಬೇಕು, 164 ಸರಿಯಾಗಿದೆ. ಕ್ಯೂಆರ್‌ಎಸ್ ಅಂದರೆ ಆ ಸಂಕೇತ ಕೆಳಗಿನ ಕೋಣೆಗಳಲ್ಲಿ ಹರಡಲು ಬೇಕಾದ ಸಮಯ. ಅದು 120 ಮುಟ್ಟಿದರೆ ದಾರಿಯಲ್ಲಿ ತಡೆ ಇದೆ ಎನ್ನುತ್ತೇವೆ. ನಿಮ್ಮದು 88, ತಡೆ ಇಲ್ಲ. ‘ಸೈನಸ್ ರಿದಮ್’ ಅಂದರೆ ಬಡಿತ ಹುಟ್ಟಬೇಕಾದ ಜಾಗದಲ್ಲೇ ಹುಟ್ಟುತ್ತಿದೆ. ಈ ನಾಲ್ಕೂ ನೆಮ್ಮದಿಯ ವಿಷಯಗಳೇ. ಭಯ ಹುಟ್ಟಿಸುವ ಸಾಲುಗಳ ಮಧ್ಯೆ ಇವು ಯಾರ ಕಣ್ಣಿಗೂ ಬೀಳುವುದಿಲ್ಲ.

ಉಳಿದದ್ದು ನಾಲ್ಕು ಸಾಲು. ನಾಲ್ಕು ಬೇರೆ ಬೇರೆ ದೋಷ ಎಂದು ನೀವು ಓದಿಕೊಂಡಿದ್ದೀರಿ. ಫೋಟೊ ನೋಡಿದ ಮೇಲೆ ನನಗೆ ಅನ್ನಿಸುವುದು, ಇವುಗಳ ಹಿಂದೆ ಹೆಚ್ಚಾಗಿ ಇರುವುದು ಎರಡೇ ಕಾರಣ: ಎಲೆಕ್ಟ್ರೋಡ್ ಅಂಟಿಸಿದ ಎತ್ತರ, ಮತ್ತು ಆ ಹೊತ್ತಿನ ವೇಗದ ಬಡಿತ. ಹೇಗೆ ಅನ್ನುವುದನ್ನು ವಿವರಿಸುತ್ತೇನೆ.

ಮೊದಲು ‘ಸೆಪ್ಟಲ್ ಇನ್‌ಫಾರ್ಕ್ಟ್, ಏಜ್ ಅನ್‌ಡಿಟರ್ಮಿನ್ಡ್’. ಇಲ್ಲಿ ಏಜ್ ಅಂದರೆ ನಿಮ್ಮ ವಯಸ್ಸಲ್ಲ. ಹಾನಿ ಆಗಿದ್ದರೆ ಅದು ಯಾವಾಗಿನದು ಎಂದು ಹೇಳಲಾಗದು ಎಂಬುದು ಆ ಮಾತಿನ ಅರ್ಥ. ಸೆಪ್ಟಮ್ ಎಂದರೆ ಹೃದಯದ ಎಡ ಬಲ ಭಾಗಗಳ ನಡುವಿನ ಗೋಡೆ. ಇನ್‌ಫಾರ್ಕ್ಟ್ ಎಂದರೆ ರಕ್ತ ಸಿಗದೆ ಸತ್ತು ಕಲೆಯಾಗಿ ಉಳಿದ ಸ್ನಾಯು. ಯಂತ್ರ ಈ ಮಾತು ಬರೆದದ್ದು ಯಾವುದನ್ನು ನೋಡಿ? ಇಸಿಜಿಯ ಗ್ರಾಫ್ ಹಾಳೆಯಲ್ಲಿ ವಿ1, ವಿ2 ಎಂದು ಗುರುತಿಸಿದ ಎರಡು ಪಟ್ಟಿಗಳಿವೆ. ಎದೆಯ ಮಧ್ಯದ ಮೂಳೆಯ ಬಲಕ್ಕೆ ಒಂದು, ಎಡಕ್ಕೆ ಒಂದು ಅಂಟಿಸುತ್ತಾರಲ್ಲ, ಆ ಎಲೆಕ್ಟ್ರೋಡ್‌ಗಳ ಗೆರೆ ಅವು. ಆರೋಗ್ಯವಂತ ಹೃದಯದಲ್ಲಿ ಪ್ರತಿ ಬಡಿತದ ಆರಂಭದಲ್ಲಿ ಅಲ್ಲಿ ಒಂದು ಪುಟ್ಟ ಏರು ಕಾಣುತ್ತದೆ, ಆಮೇಲೆ ಆಳವಾದ ಇಳಿತ. ಆ ಪುಟ್ಟ ಏರಿಗೆ ಆರ್ ಅಲೆ ಎನ್ನುತ್ತೇವೆ. ಅದು ಬರುವುದು ಸೆಪ್ಟಮ್ ಕೆಲಸ ಶುರುಮಾಡಿದಾಗ. ಗೋಡೆ ಸತ್ತಿದ್ದರೆ ಆ ಏರು ಮಾಯವಾಗಿ ಗೆರೆ ನೇರವಾಗಿ ಕೆಳಗೇ ಇಳಿಯುತ್ತದೆ. ನಿಮ್ಮ ವಿ1, ವಿ2 ಎರಡರಲ್ಲೂ ಏರು ಇಲ್ಲ. ಯಂತ್ರದ ಪಾಲಿಗೆ ಅಷ್ಟೇ ಸಾಕು.

ಆದರೆ ಆ ಪುಟ್ಟ ಏರು ಮಾಯವಾಗಲು ಗೋಡೆ ಸಾಯಲೇಬೇಕಿಲ್ಲ. ಎಲೆಕ್ಟ್ರೋಡ್ ಎತ್ತರದಲ್ಲಿ ಅಂಟಿದರೂ ಸಾಕು. ವಿ1, ವಿ2 ಇರಬೇಕಾದ್ದು ನಾಲ್ಕನೇ ಪಕ್ಕೆಲುಬಿನ ಸಂದಿನಲ್ಲಿ. ನೀವೇ ಮುಟ್ಟಿ ನೋಡಬಹುದು. ಗಂಟಲ ಕೆಳಗಿನ ಗುಳಿಯಿಂದ ಬೆರಳನ್ನು ಎದೆಮೂಳೆಯ ಮೇಲೆ ಕೆಳಗೆ ಜಾರಿಸಿ. ಸ್ವಲ್ಪ ದೂರದಲ್ಲೇ ಅಡ್ಡಕ್ಕೆ ಒಂದು ಉಬ್ಬು ಸಿಗುತ್ತದೆ. ಅದರ ಪಕ್ಕಕ್ಕೆ ಸೇರುವುದು ಎರಡನೇ ಪಕ್ಕೆಲುಬು, ಅದರ ಕೆಳಗಿನ ಮೆತ್ತನೆಯ ಜಾಗ ಎರಡನೇ ಸಂದು. ಅಲ್ಲಿಂದ ಇನ್ನೂ ಎರಡು ಸಂದು ಇಳಿದರೆ ನಾಲ್ಕನೆಯದು. ಅನೇಕರು ಊಹಿಸುವುದಕ್ಕಿಂತ ಸಾಕಷ್ಟು ಕೆಳಗಿದೆ. ಕೆಲಸದ ಒತ್ತಡದಲ್ಲಿ ಟೆಕ್ನಿಷಿಯನ್ ಪಕ್ಕೆಲುಬು ಎಣಿಸದೆ ಕಣ್ಣಂದಾಜಿನಲ್ಲಿ ಅಂಟಿಸಿದಾಗ ಎರಡು ಅಥವಾ ಮೂರನೇ ಸಂದಿನಲ್ಲಿ ಬೀಳುವುದು ಬಹಳ ಸಾಮಾನ್ಯ. ಹೆಂಗಸರಲ್ಲಿ ಬಟ್ಟೆ ಪೂರ್ತಿ ಸರಿಸಲು ಇಬ್ಬರಿಗೂ ಸಂಕೋಚವಿದ್ದಾಗ ಇದು ಇನ್ನೂ ಸುಲಭವಾಗಿ ಆಗುತ್ತದೆ. ಒಂದೊಂದು ಸಂದು ಮೇಲೇರಿದ ಹಾಗೂ ಆ ಆರ್ ಅಲೆ ಸುಮಾರು 0.1 ಮಿಲಿವೋಲ್ಟ್, ಅಂದರೆ ಗ್ರಾಫಿನ ಒಂದು ಸಣ್ಣ ಚೌಕದಷ್ಟು, ಕುಗ್ಗುತ್ತದೆ. ಮೊದಲೇ ಒಂದೆರಡು ಚೌಕದಷ್ಟಿದ್ದ ಏರು ಹಾಗೆ ಪೂರ್ತಿ ಕರಗಿಹೋಗಬಹುದು. ಮನೆಯ ಅಂಗಳವನ್ನು ಮಾಳಿಗೆಯ ಮೇಲಿಂದ ನೋಡಿದವರಿಗೆ ಹೊಸ್ತಿಲು ಕಾಣಲಿಲ್ಲ ಅಂದರೆ ಹೊಸ್ತಿಲೇ ಇಲ್ಲ ಎಂದಾಗುವುದಿಲ್ಲ.

ಇದು ಬರಿಯ ಸಮಾಧಾನದ ಮಾತಾಗಬಾರದು, ಅದಕ್ಕೆ ಗುರುತು ಬೇಕು. ಗುರುತು ಅದೇ ಹಾಳೆಯಲ್ಲಿದೆ. ನಿಮ್ಮ ರಿಪೋರ್ಟನ್ನು ಬೆಳಕಿಗೆ ಹಿಡಿದು ವಿ2 ಎಂದು ಬರೆದ ಪಟ್ಟಿ ಹುಡುಕಿ. ಪ್ರತಿ ದೊಡ್ಡ ಇಳಿತಕ್ಕೆ ಸ್ವಲ್ಪ ಮುಂಚೆ ಒಂದು ಸಣ್ಣ ಗುಬ್ಬು ಇರುತ್ತದೆ. ಅದು ಪಿ ಅಲೆ, ಹೃದಯದ ಮೇಲಿನ ಕೋಣೆಗಳ ಅಲೆ. ವಿ2 ಸರಿಯಾದ ಜಾಗದಲ್ಲಿದ್ದರೆ ಈ ಗುಬ್ಬು ಸಾಮಾನ್ಯವಾಗಿ ಮೇಲ್ಮುಖವಾಗಿರಬೇಕು. ನಿಮ್ಮ ಫೋಟೊದಲ್ಲಿ ಅದು ಮೊದಲು ಚೂರೇ ಚೂರು ಮೇಲೆದ್ದು ಆಮೇಲೆ ಕೆಳಗೆ ಬಾಗಿದೆ. ವಿ1ರಲ್ಲಂತೂ ಪೂರ್ತಿ ಕೆಳಮುಖ. ವಿ1ರಲ್ಲಿ ಪಿ, ದೊಡ್ಡ ಅಲೆ, ಕೊನೆಯ ಟಿ ಅಲೆ, ಮೂರೂ ಕೆಳಗೇ ನೋಡುತ್ತಿವೆ. ಬಲಗೈ ಕಡೆಯಿಂದ ನೋಡುವ ಎವಿಆರ್ ಎಂಬ ಪಟ್ಟಿ ಇದೆಯಲ್ಲ, ಅದರ ಪಕ್ಕ ಇಟ್ಟು ನೋಡಿದರೆ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಎವಿಆರ್ ಹೃದಯವನ್ನು ಮೇಲಿನ ಬಲಮೂಲೆಯಿಂದ ನೋಡುವ ಪಟ್ಟಿ. ವಿ1 ಅದರ ಹಾಗೇ ಕಂಡಿತೆಂದರೆ ವಿ1 ಕೂಡ ಮೇಲೇರಿ ಕುಳಿತಿದೆ ಎಂದು ಅನುಮಾನ ಪಡಲು ಅದು ಒಳ್ಳೆಯ ಕಾರಣ.

ಇನ್ನೊಂದು ಗುರುತು. ವಿ2ರಲ್ಲಿ ಏರೇ ಇಲ್ಲ, ಪಕ್ಕದ ವಿ3ರಲ್ಲಿ ಇದ್ದಕ್ಕಿದ್ದಂತೆ ಮೂರು ನಾಲ್ಕು ಚೌಕದಷ್ಟು ಎತ್ತರದ ಏರು ಬಂದಿದೆ. ಗೋಡೆಗೆ ನಿಜವಾಗಿ ಪೆಟ್ಟು ಬಿದ್ದಿದ್ದರೆ ಹಲವು ಸಲ ವಿ3ರಲ್ಲೂ ಅದರ ನೆರಳು ಇರುತ್ತದೆ, ಏರು ಅಲ್ಲೂ ಕುಗ್ಗಿರುತ್ತದೆ. ಇದು ಖಚಿತ ನಿಯಮವಲ್ಲ, ಆದರೆ ತಕ್ಕಡಿಯನ್ನು ಒಂದು ಕಡೆಗೆ ವಾಲಿಸುವ ವಿಷಯ.

ಈಗ ‘ಪಾಸಿಬಲ್ ಲೆಫ್ಟ್ ಏಟ್ರಿಯಲ್ ಎನ್‌ಲಾರ್ಜ್‌ಮೆಂಟ್’ ಸಾಲನ್ನು ನೋಡಿ. ಹೃದಯದ ಎಡ ಮೇಲಿನ ಕೋಣೆ ಹಿಗ್ಗಿರಬಹುದು ಎಂಬುದು ಅದರ ಅರ್ಥ. ಯಂತ್ರ ಇದನ್ನು ತೀರ್ಮಾನಿಸುವ ಮುಖ್ಯ ಜಾಗ ಅದೇ ವಿ1ರ ಪಿ ಅಲೆ. ಆ ಅಲೆಯ ಕೊನೆಯ ಅರ್ಧ ಒಂದು ಸಣ್ಣ ಚೌಕಕ್ಕಿಂತ ಆಳಕ್ಕೂ ಒಂದು ಸಣ್ಣ ಚೌಕಕ್ಕಿಂತ ಅಗಲಕ್ಕೂ ಕೆಳಗಿಳಿದರೆ ಈ ಸಾಲು ಬರುತ್ತದೆ. ವಿ1 ಮೇಲೇರಿದ್ದರಿಂದಲೇ ಪಿ ತಲೆಕೆಳಗಾಗಿದ್ದರೆ, ಕೋಣೆ ಹಿಗ್ಗದೆಯೂ ಈ ಸಾಲು ಬಂದೇ ಬರುತ್ತದೆ. ಅಂದರೆ ಒಂದೇ ತಪ್ಪು ಎತ್ತರದಿಂದ ಎರಡು ಭಯಾನಕ ವಾಕ್ಯಗಳು ಹುಟ್ಟಬಹುದು. ಈ ಎರಡು ಸಾಲು ಒಟ್ಟಿಗೆ ಬಂದಿರುವ ರಿಪೋರ್ಟ್ ಕೈಗೆ ಬಂದಾಗ ನಾನು ಮೊದಲು ನೋಡುವುದು ವಿ2ರ ಪಿ ಅಲೆಯನ್ನೇ, ಆಮೇಲೆಯೇ ಮಿಕ್ಕದ್ದು.

ಎಡ ಕೋಣೆ ನಿಜವಾಗಿ ಹಿಗ್ಗಲು ಸಾಮಾನ್ಯ ಕಾರಣ ವರ್ಷಗಟ್ಟಲೆ ಹತೋಟಿಯಲ್ಲಿಲ್ಲದ ಬಿಪಿ ಅಥವಾ ಮೈಟ್ರಲ್ ಕವಾಟದ ತೊಂದರೆ. ನಿಮಗೆ ಬಿಪಿ ಇಲ್ಲ ಎಂದಿದ್ದೀರಿ. ಇತ್ತೀಚೆಗೆ ಅಳೆಸಿ ಇಲ್ಲ ಎಂದಿದ್ದೋ, ಅಳೆಸದೇ ಇಲ್ಲ ಎಂದಿದ್ದೋ, ಅದನ್ನು ಮಾತ್ರ ಖಚಿತ ಮಾಡಿಕೊಳ್ಳಿ. ಈ ಐದು ದಿನದಲ್ಲಿ ಎರಡು ಮೂರು ಸಲ ಕುಳಿತು ಐದು ನಿಮಿಷ ಸುಮ್ಮನಿದ್ದು ಬಿಪಿ ನೋಡಿಸಿ ಬರೆದಿಟ್ಟುಕೊಂಡರೆ ತಜ್ಞರಿಗೆ ಅದು ಉಪಯೋಗಕ್ಕೆ ಬರುತ್ತದೆ.

ಮುಂದಿನದು ‘ಬಾರ್ಡರ್‌ಲೈನ್ ಪ್ರೊಲಾಂಗ್ಡ್ ಕ್ಯೂಟಿ’. ಇಲ್ಲಿ ಸ್ವಲ್ಪ ಲೆಕ್ಕವಿದೆ, ಆದರೆ ಕಷ್ಟದ್ದಲ್ಲ. ಕ್ಯೂಟಿ ಅಂದರೆ ಕೆಳಗಿನ ಕೋಣೆಗಳ ವಿದ್ಯುತ್ ಕೆಲಸ ಶುರುವಾಗಿ, ಮುಗಿದು, ಮತ್ತೆ ಮುಂದಿನ ಬಡಿತಕ್ಕೆ ಸಿದ್ಧವಾಗುವವರೆಗಿನ ಸಮಯ. ಇದು ವಿಪರೀತ ಉದ್ದವಾದರೆ ಕೆಲವರಲ್ಲಿ ಬಡಿತ ದಿಕ್ಕುತಪ್ಪಿ ಎಚ್ಚರ ತಪ್ಪುವ ಅಪಾಯವಿರುತ್ತದೆ, ಅದಕ್ಕೇ ಇದನ್ನು ಅಳೆಯುವುದು. ಹೃದಯ ಬೇಗ ಬಡಿದಾಗ ಕ್ಯೂಟಿ ಸಹಜವಾಗಿ ಚಿಕ್ಕದಾಗುತ್ತದೆ, ನಿಧಾನವಾದಾಗ ಉದ್ದವಾಗುತ್ತದೆ. ಹೀಗಿರುವಾಗ ಬೇರೆ ಬೇರೆ ವೇಗದಲ್ಲಿ ತೆಗೆದ ಎರಡು ಇಸಿಜಿಗಳನ್ನು ಹೋಲಿಸುವುದು ಹೇಗೆ? ಅದಕ್ಕಾಗಿ ನಿಮಿಷಕ್ಕೆ 60 ಬಡಿತ ಇದ್ದಿದ್ದರೆ ಎಷ್ಟಿರುತ್ತಿತ್ತು ಎಂದು ತಿದ್ದಿ ಬರೆಯುತ್ತಾರೆ. ತಿದ್ದಿದ ಅಂಕಿಯೇ ಕ್ಯೂಟಿಸಿ. ಹೆಂಗಸರಲ್ಲಿ 460, ಗಂಡಸರಲ್ಲಿ 450 ಮಿಲಿಸೆಕೆಂಡ್ ದಾಟಿದರೆ ಉದ್ದ ಎನ್ನುವುದು ರೂಢಿ. 500 ದಾಟಿದರೆ ನಾವು ನಿಜವಾಗಿ ಎಚ್ಚೆತ್ತುಕೊಳ್ಳುತ್ತೇವೆ. ನಿಮ್ಮದು 466, ಗೆರೆಯ ಆಚೆಗೆ ಆರು ಮಿಲಿಸೆಕೆಂಡ್.

ಆ ತಿದ್ದುವ ಸೂತ್ರದಲ್ಲೇ ಒಂದು ತೊಡಕಿದೆ. ಹೆಚ್ಚಿನ ಯಂತ್ರಗಳು ಬಳಸುವುದು 1920ರಲ್ಲಿ ಬ್ಯಾಜೆಟ್ ಕೊಟ್ಟ ಸೂತ್ರವನ್ನು: ಕ್ಯೂಟಿಯನ್ನು ಎರಡು ಬಡಿತಗಳ ನಡುವಿನ ಅಂತರದ ವರ್ಗಮೂಲದಿಂದ ಭಾಗಿಸುವುದು. ನಿಮಿಷಕ್ಕೆ 94 ಬಡಿತ ಎಂದರೆ ಅಂತರ 60 ಭಾಗಿಸು 94, ಅಂದರೆ 0.638 ಸೆಕೆಂಡ್. ಅದರ ವರ್ಗಮೂಲ 0.799. 372ನ್ನು 0.799ರಿಂದ ಭಾಗಿಸಿದರೆ 466. ನಿಮ್ಮ ರಿಪೋರ್ಟಿನ ಅಂಕಿ ಬಂದದ್ದು ಹೀಗೆ. ಈ ಸೂತ್ರ 60ರ ಆಸುಪಾಸಿನಲ್ಲಿ ಸರಿಯಾಗಿಯೇ ಕೆಲಸ ಮಾಡುತ್ತದೆ, ಆದರೆ ಬಡಿತ ಬೇಗವಾದಷ್ಟೂ ಅಗತ್ಯಕ್ಕಿಂತ ಹೆಚ್ಚು ಉದ್ದ ತೋರಿಸುತ್ತದೆ. ಅದೇ 1920ರಲ್ಲಿ ಫ್ರಿಡೆರಿಷಿಯಾ ಎಂಬವರು ಕೊಟ್ಟ ಇನ್ನೊಂದು ಸೂತ್ರದಲ್ಲಿ ವರ್ಗಮೂಲದ ಬದಲು ಘನಮೂಲವಿದೆ. 0.638ರ ಘನಮೂಲ 0.861. ಅದರಿಂದ 372ನ್ನು ಭಾಗಿಸಿದರೆ ಬರುವುದು 432. ಅದೇ ಹೃದಯ, ಅದೇ ಹಾಳೆ, ಅದೇ ಅಳತೆ. ಒಂದು ಸೂತ್ರದಲ್ಲಿ ಗೆರೆಯ ಆಚೆ, ಇನ್ನೊಂದರಲ್ಲಿ ಗೆರೆಯ ಈಚೆ ಆರಾಮಾಗಿ. ನಿಮ್ಮ ಹೃದಯ ನಿಮಿಷಕ್ಕೆ 65ರಂತೆ ಬಡಿಯುವಾಗ ಇಸಿಜಿ ತೆಗೆದರೆ ಬ್ಯಾಜೆಟ್ ಸೂತ್ರವೇ 440ರ ಸುಮಾರಿನ ಅಂಕಿ ಕೊಟ್ಟರೆ ನನಗೆ ಆಶ್ಚರ್ಯವಾಗದು.

ಅಳತೆಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಕ್ಯೂಟಿ ಮುಗಿಯುವುದು ಟಿ ಅಲೆ ಇಳಿದು ನೆಲದ ಗೆರೆಗೆ ಸೇರಿದಲ್ಲಿ. ಟಿ ಅಲೆ ಚೆನ್ನಾಗಿ ಎದ್ದು ಇಳಿದರೆ ಆ ಜಾಗ ಸ್ಪಷ್ಟ. ಆದರೆ ‘ನಾನ್‌ಸ್ಪೆಸಿಫಿಕ್ ಟಿ ವೇವ್ ಅಬ್‌ನಾರ್ಮಾಲಿಟಿ’ ಎಂದು ನಿಮ್ಮ ರಿಪೋರ್ಟೇ ಹೇಳುತ್ತಿದೆ: ಟಿ ಅಲೆಗಳು ತಗ್ಗಾಗಿ ಚಪ್ಪಟೆಯಾಗಿವೆ. ಫೋಟೊದಲ್ಲೂ ವಿ5, ವಿ6ರಲ್ಲಿ ಅವು ಹಾಗೇ ಇವೆ. ಚಪ್ಪಟೆ ಅಲೆ ಎಲ್ಲಿ ಮುಗಿಯಿತು ಎಂದು ಹೇಳುವುದು ನುರಿತ ಕಣ್ಣಿಗೂ ಕಷ್ಟ. ಹಾಳೆ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ, ಹಾಗಾಗಿ ಒಂದು ಸಣ್ಣ ಚೌಕ 40 ಮಿಲಿಸೆಕೆಂಡ್. ಯಂತ್ರ ಅರ್ಧ ಚೌಕ ಆಚೆ ಗುರುತು ಹಾಕಿದರೂ ಕ್ಯೂಟಿಯಲ್ಲಿ 20 ಮಿಲಿಸೆಕೆಂಡ್ ವ್ಯತ್ಯಾಸ. ನಿಮ್ಮ ವೇಗದಲ್ಲಿ ಅದು ಕ್ಯೂಟಿಸಿಯಲ್ಲಿ 25 ಆಗುತ್ತದೆ. ಆರು ಮಿಲಿಸೆಕೆಂಡಿಗೆ ನಿದ್ದೆ ಕೆಡಿಸಿಕೊಳ್ಳುವ ಮುಂಚೆ ಈ ಅರ್ಧ ಚೌಕವನ್ನು ನೆನಪಿಡಿ. ತಜ್ಞರು ಎರಡನೇ ಲೀಡ್ ಅಥವಾ ವಿ5ರಲ್ಲಿ ತಾವೇ ಸ್ಕೇಲು ಹಿಡಿದು ಅಳೆಯುವುದು ಇದಕ್ಕೇ.

‘ನಾನ್‌ಸ್ಪೆಸಿಫಿಕ್’ ಎಂಬ ಸಾಲಿಗೆ ಹೆಚ್ಚು ಹೊತ್ತು ಬೇಡ. ಟಿ ಅಲೆ ಸ್ವಲ್ಪ ಬೇರೆ ಥರ ಇದೆ, ಯಾಕೆ ಎಂದು ಈ ಹಾಳೆಯಿಂದ ಹೇಳಲಾಗದು ಎನ್ನುವುದಷ್ಟೇ ಅದರ ಅರ್ಥ. ಗಾಬರಿಯಿಂದ ಜೋರಾಗಿ ಉಸಿರಾಡಿದರೂ ಟಿ ತಗ್ಗುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಾದರೂ ತಗ್ಗುತ್ತದೆ, ಹಲವು ಔಷಧಿಗಳಿಂದಲೂ ತಗ್ಗುತ್ತದೆ. ಹೃದಯದ ರಕ್ತನಾಳದ ಕಾಯಿಲೆಯಲ್ಲೂ ಹೀಗಾಗುವುದುಂಟು, ಆದ್ದರಿಂದ ಇದನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಮತ್ತೆ ತೆಗೆದ ಇಸಿಜಿಯಲ್ಲಿ ಹೇಗಿದೆ ನೋಡಿ ತೀರ್ಮಾನಿಸುತ್ತೇವೆ.

ಇಲ್ಲಿ ನಿಮ್ಮ ಗ್ಯಾಸ್ಟ್ರಿಕ್ ಮಾತ್ರೆಯ ವಿಷಯ. ದಯವಿಟ್ಟು ಆ ಸ್ಟ್ರಿಪ್ಪಿನ ಹಿಂದೆ ಸಣ್ಣಕ್ಷರದಲ್ಲಿ ಬರೆದಿರುವುದನ್ನು ಓದಿ. ಅನೇಕ ಗ್ಯಾಸ್ಟ್ರಿಕ್ ಕ್ಯಾಪ್ಸೂಲ್‌ಗಳಲ್ಲಿ ಆಮ್ಲ ಕಡಿಮೆ ಮಾಡುವ ಔಷಧಿಯ ಜೊತೆಗೆ ಡಾಂಪೆರಿಡೋನ್ ಎಂಬ ಇನ್ನೊಂದು ಸೇರಿರುತ್ತದೆ. ಅದು ಕ್ಯೂಟಿಯನ್ನು ಉದ್ದ ಮಾಡುವ ಗುಂಪಿಗೆ ಸೇರಿದ್ದು. ಇದ್ದರೆ ಗಾಬರಿ ಬೇಡ, ಕೊಟ್ಟ ವೈದ್ಯರಿಗೆ ಫೋನ್ ಮಾಡಿ ‘ಇಸಿಜಿಯಲ್ಲಿ ಕ್ಯೂಟಿಸಿ 466 ಬಂದಿದೆ, ಇದನ್ನು ಮುಂದುವರಿಸಲಾ, ಡಾಂಪೆರಿಡೋನ್ ಇಲ್ಲದ್ದಕ್ಕೆ ಬದಲಾಯಿಸುತ್ತೀರಾ’ ಎಂದು ಕೇಳಿ. ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಥರದ ಮಾತ್ರೆಯನ್ನು ತುಂಬ ಕಾಲ ತೆಗೆದುಕೊಂಡವರಲ್ಲಿ ಕೆಲವೊಮ್ಮೆ ಮೆಗ್ನೀಸಿಯಂ ಕಡಿಮೆಯಾಗುತ್ತದೆ, ಅದರಿಂದಲೂ ಕ್ಯೂಟಿ ಹಿಗ್ಗಬಹುದು. ನೀವು ಎಷ್ಟು ಕಾಲದಿಂದ ತೆಗೆದುಕೊಳ್ಳುತ್ತಿದ್ದೀರಿ ಎಂಬುದನ್ನೂ ತಜ್ಞರಿಗೆ ಹೇಳಿ. ಈ ಐದು ದಿನದಲ್ಲಿ ಗಂಟಲುನೋವಿಗೋ ವಾಂತಿಗೋ ಅಂಗಡಿಯಿಂದ ಕೇಳಿ ತಂದ ಮಾತ್ರೆ ನುಂಗಬೇಡಿ. ಅಜಿತ್ರೊಮೈಸಿನ್, ಲೆವೊಫ್ಲಾಕ್ಸಸಿನ್ ಥರದ ಆ್ಯಂಟಿಬಯಾಟಿಕ್, ವಾಂತಿ ನಿಲ್ಲಿಸುವ ಒಂಡಾನ್‌ಸೆಟ್ರಾನ್, ಫಂಗಸ್‌ಗೆ ಕೊಡುವ ಫ್ಲುಕೊನಜೋಲ್, ಇವೆಲ್ಲ ಅದೇ ಗುಂಪು. ಬೇಕೇ ಬೇಕಾದರೆ ಕೊಡುವ ವೈದ್ಯರಿಗೆ ಈ ಅಂಕಿಯನ್ನು ತಿಳಿಸಿ. ವೈದ್ಯರು ಬರೆದುಕೊಟ್ಟ ಬೇರೆ ಔಷಧಿ ಏನಾದರೂ ನಡೆಯುತ್ತಿದ್ದರೆ, ವಿಶೇಷವಾಗಿ ಖಿನ್ನತೆಗೋ ಆತಂಕಕ್ಕೋ ಕೊಟ್ಟದ್ದಿದ್ದರೆ, ನೀವಾಗಿ ನಿಲ್ಲಿಸಬೇಡಿ.

ಕ್ಯೂಟಿಯ ವಿಷಯದಲ್ಲಿ ಅಂಕಿಗಿಂತ ನಾನು ಹೆಚ್ಚು ಬೆಲೆ ಕೊಡುವುದು ಎರಡು ಪ್ರಶ್ನೆಗೆ. ನೀವು ಯಾವತ್ತಾದರೂ, ವಿಶೇಷವಾಗಿ ಓಡುವಾಗಲೋ ಬೆಚ್ಚಿಬಿದ್ದಾಗಲೋ, ಮುನ್ಸೂಚನೆ ಇಲ್ಲದೆ ಎಚ್ಚರ ತಪ್ಪಿದ್ದೀರಾ? ನಿಮ್ಮ ರಕ್ತಸಂಬಂಧಿಗಳಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ನಿದ್ದೆಯಲ್ಲೋ ನೀರಿನಲ್ಲೋ ಕಾರಣ ತಿಳಿಯದೆ ತೀರಿಕೊಂಡಿದ್ದಾರಾ? ಎರಡಕ್ಕೂ ಇಲ್ಲ ಎಂದಾದರೆ 466 ಎಂಬ ಅಂಕಿಗೆ ಐದು ದಿನ ಕಾಯುವ ತಾಳ್ಮೆ ಇದೆ. ಒಂದಕ್ಕಾದರೂ ಹೌದು ಎಂದಾದರೆ ತಜ್ಞರ ಕಡೆಯವರಿಗೆ ಅದನ್ನು ಹೇಳಿ ಇನ್ನೂ ಬೇಗ ಸಮಯ ಕೇಳಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಎಲೆಕ್ಟ್ರೋಡ್ ಮೇಲಿತ್ತು ಎನ್ನುವುದು ಫೋಟೊ ನೋಡಿ ನಾನು ಕಟ್ಟಿದ ಅಂದಾಜು, ಸಾಬೀತಾದ ಸಂಗತಿಯಲ್ಲ. ನೋವೇ ಇಲ್ಲದೆ ಹೃದಯಾಘಾತ ಆಗಿಹೋಗುವುದುಂಟು, ಸಕ್ಕರೆ ಕಾಯಿಲೆ ಇರುವವರಲ್ಲಿ ಅದರ ಭಯ ಹೆಚ್ಚು. ಆದ್ದರಿಂದ ‘ಯಂತ್ರದ ತಪ್ಪಂತೆ, ಹೋಗುವುದು ಬೇಡ’ ಎಂದು ಅಪಾಯಿಂಟ್‌ಮೆಂಟ್ ಬಿಡಬೇಡಿ. ಅನುಮಾನ ಪರಿಹರಿಸಲು ಎರಡು ಸರಳ ಪರೀಕ್ಷೆ ಸಾಕಾಗಬಹುದು. ಒಂದು, ಪಕ್ಕೆಲುಬು ಎಣಿಸಿ ಅಂಟಿಸಿ ಮತ್ತೆ ತೆಗೆದ ಇಸಿಜಿ. ವಿ1, ವಿ2 ನಾಲ್ಕನೇ ಸಂದಿಗೆ ಇಳಿದಾಗ ಪುಟ್ಟ ಏರು ಮರಳಿ ಕಂಡರೆ, ಪಿ ಅಲೆ ಮೇಲೆ ತಿರುಗಿದರೆ, ಎರಡೂ ಸಾಲುಗಳು ಅಲ್ಲೇ ಬಿದ್ದುಹೋಗುತ್ತವೆ. ಎರಡನೆಯದು ಎಕೋ. ಕಲೆಯಾದ ಸ್ನಾಯು ಪಕ್ಕದ ಗೋಡೆಗಳ ಹಾಗೆ ದಪ್ಪವಾಗಿ ಕುಗ್ಗುವುದಿಲ್ಲ, ತೆಳ್ಳಗಾಗಿರುತ್ತದೆ, ಚಲನೆ ಕಡಿಮೆಯಿರುತ್ತದೆ. ಎಕೋದಲ್ಲಿ ಆ ಗೋಡೆ ಕೆಲಸ ಮಾಡುವುದನ್ನು ಕಣ್ಣಾರೆ ನೋಡಬಹುದು, ಎಡ ಮೇಲಿನ ಕೋಣೆಯ ಗಾತ್ರವನ್ನೂ ಅಳೆಯಬಹುದು. ಪೊಟ್ಯಾಸಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ ರಕ್ತಪರೀಕ್ಷೆಯನ್ನೂ ಹೇಳಬಹುದು. ಮತ್ತೆ ತೆಗೆದಾಗಲೂ ಏರು ಬರಲಿಲ್ಲ ಅಂದರೂ ಅದು ಹೃದಯಾಘಾತವೇ ಆಗಬೇಕಿಲ್ಲ. ಕೆಲವರ ಎದೆಯೊಳಗೆ ಹೃದಯ ಕುಳಿತಿರುವ ರೀತಿಯಿಂದಲೂ, ಹೃದಯದ ಸ್ನಾಯು ದಪ್ಪವಾಗಿದ್ದರೂ, ಶ್ವಾಸಕೋಶದ ಕಾಯಿಲೆಯಲ್ಲೂ ಹೀಗಿರುತ್ತದೆ. ಆಗ ಎಕೋ ಏನು ಹೇಳುತ್ತದೆ ಎನ್ನುವುದೇ ಮುಖ್ಯ.

ಹಾಗೆಯೇ, ಹೊಸ ಇಸಿಜಿ ನಾರ್ಮಲ್ ಬಂದರೆ ರಕ್ತನಾಳಗಳಲ್ಲಿ ಅಡಚಣೆಯೇ ಇಲ್ಲ ಎಂದು ಅರ್ಥವಲ್ಲ. ಇಸಿಜಿ ತೋರಿಸುವುದು ಮಲಗಿದ್ದಾಗಿನ ಹತ್ತು ಸೆಕೆಂಡಿನ ವಿದ್ಯುತ್ತನ್ನು. ನಿಮ್ಮ ಕೊಲೆಸ್ಟ್ರಾಲ್, ಮನೆಯವರ ಹೃದ್ರೋಗದ ಇತಿಹಾಸ, ಇವುಗಳನ್ನು ತಜ್ಞರು ಬೇರೆಯಾಗಿಯೇ ಕೇಳುತ್ತಾರೆ.

ಹೋಗುವಾಗ ಮೂಲ ಗ್ರಾಫ್ ಹಾಳೆಯನ್ನೇ ಒಯ್ಯಿರಿ. ಬರೀ ಸಾಲುಗಳನ್ನು ಟೈಪ್ ಮಾಡಿದ ಕಾಗದ ಸಾಲದು, ಫೋಟೊದಲ್ಲಿ ಚೌಕಗಳು ಮಸುಕಾಗುತ್ತವೆ. ಹೆರಿಗೆಯ ಸಮಯದ್ದೋ, ಹಿಂದೆ ಯಾವುದಾದರೂ ಆಪರೇಷನ್‌ಗೆ ಮುಂಚೆ ತೆಗೆದದ್ದೋ, ಹಳೆಯ ಇಸಿಜಿ ಎಲ್ಲಾದರೂ ಇದ್ದರೆ ಹುಡುಕಿ ತನ್ನಿ. ಹತ್ತು ವರ್ಷದ ಹಿಂದೆಯೂ ವಿ1, ವಿ2 ಹೀಗೇ ಇದ್ದರೆ ಅದೊಂದೇ ಅರ್ಧ ಉತ್ತರ ಕೊಡುತ್ತದೆ. ಮಾತ್ರೆಯ ಸ್ಟ್ರಿಪ್ಪುಗಳನ್ನೂ ಜೊತೆಗಿಟ್ಟುಕೊಳ್ಳಿ. ಸ್ವಲ್ಪ ಮುಂಚೆ ತಲುಪಿ ಹದಿನೈದು ನಿಮಿಷ ಸುಮ್ಮನೆ ಕುಳಿತಿರಿ, ಅದಕ್ಕೆ ಮುಂಚೆ ಕಾಫಿ ಕುಡಿಯಬೇಡಿ. ಬಡಿತ 94ರಿಂದ ಕೆಳಗಿಳಿದಷ್ಟೂ ಕ್ಯೂಟಿಸಿ ಅಂಕಿಯನ್ನು ನಂಬಬಹುದು. ಟೆಕ್ನಿಷಿಯನ್ ಎಲೆಕ್ಟ್ರೋಡ್ ಅಂಟಿಸುವಾಗ ‘ಹೋದ ಸಲ ವಿ1, ವಿ2 ಮೇಲಿತ್ತೇನೋ ಅಂತ ಡಾಕ್ಟರು ಅನುಮಾನ ಪಟ್ಟರು, ನಾಲ್ಕನೇ ಸಂದು ಎಣಿಸಿ ಹಾಕ್ತೀರಾ’ ಎಂದು ಹೇಳಲು ಹಿಂಜರಿಯಬೇಡಿ. ಬಟ್ಟೆಯ ಸಂಕೋಚವಿದ್ದರೆ ಮಹಿಳಾ ಟೆಕ್ನಿಷಿಯನ್ ಕೇಳಿ. ಹಾಳೆಯ ಮೇಲೆ ನಿಮ್ಮ ವಯಸ್ಸು, ‘ಸ್ತ್ರೀ’ ಎಂಬುದು ಸರಿಯಾಗಿ ನಮೂದಾಗಿದೆಯೇ ನೋಡಿಕೊಳ್ಳಿ, ಯಂತ್ರ ಮಿತಿಗಳನ್ನು ಅದರ ಮೇಲೆಯೇ ಆರಿಸುತ್ತದೆ.

ಅಲ್ಲಿಯವರೆಗೆ ದಿನಕ್ಕೊಂದು ಕಡೆ ಇಸಿಜಿ ತೆಗೆಸುತ್ತಾ ಹೋಗಬೇಡಿ. ಬೇರೆ ಬೇರೆ ಕೈಗಳು ಬೇರೆ ಬೇರೆ ಎತ್ತರದಲ್ಲಿ ಅಂಟಿಸಿದರೆ ಪ್ರತಿ ಹಾಳೆಯೂ ಬೇರೆ ಸಾಲು ಬರೆಯುತ್ತದೆ, ಗೊಂದಲ ಹೆಚ್ಚುತ್ತದೆ. ಎಂದಿನ ಮನೆಗೆಲಸ, ನಡಿಗೆ ಮುಂದುವರಿಸಿ. ಹೊಸದಾಗಿ ಜಿಮ್ಮು, ಓಟ ಶುರುಮಾಡುವುದನ್ನು ಮಾತ್ರ ತಜ್ಞರನ್ನು ಕಾಣುವವರೆಗೆ ಮುಂದೂಡಿ.

ಹೊಸ ಇಸಿಜಿ, ಎಕೋ ಎರಡೂ ಸರಿಯಾಗಿ ಬಂದರೆ ತಜ್ಞರಿಂದ ಒಂದು ಸಾಲು ಬರೆಸಿಕೊಳ್ಳಿ: ಹಿಂದಿನ ಇಸಿಜಿಯ ಸೆಪ್ಟಲ್ ಇನ್‌ಫಾರ್ಕ್ಟ್ ಬರಹ ಎಲೆಕ್ಟ್ರೋಡ್ ಜಾಗದಿಂದ ಬಂದದ್ದು, ಎಕೋ ಸಾಮಾನ್ಯ ಎಂದು. ಹಳೆಯ ಹಾಳೆಗೆ ಆ ಚೀಟಿಯನ್ನು ಪಿನ್ ಮಾಡಿ, ಸರಿಯಾಗಿ ತೆಗೆದ ಹೊಸ ಹಾಳೆಯ ಜೆರಾಕ್ಸ್ ಜೊತೆಗೆ ಒಂದೇ ಫೈಲಿನಲ್ಲಿಡಿ. ಇಸಿಜಿಯ ಕಾಗದ ಬಿಸಿಲಿಗೆ, ಶಾಖಕ್ಕೆ ಮಾಸಿಹೋಗುವ ಥರದ್ದು, ಅದಕ್ಕೇ ಜೆರಾಕ್ಸ್. ಮುಂದೆ ಯಾವುದೋ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವ ವೈದ್ಯರು ಇಸಿಜಿ ಕೇಳಿದಾಗ ಈ ಫೈಲನ್ನೇ ಮೊದಲು ಅವರ ಕೈಗೆ ಕೊಡಿ.